ಮಾಡದ ಖರ್ಚಿಗೆ ಬಂದ ಲೆಕ್ಕ: ಕಾರ್ಡು ನೀಡಿದ ಬ್ಯಾಂಕಿಗೆ ಬರೆಯಬೇಕಾದ ಪತ್ರ

ಕ್ರೆಡಿಟ್ ಕಾರ್ಡು ಇಂದು ನಮ್ಮ ಮನೆಗಳಲ್ಲಿ ಅಪರೂಪದ ವಸ್ತುವಲ್ಲ. ಮಕ್ಕಳ ಕಾಲೇಜಿನ ಶುಲ್ಕ, ರೈಲಿನ ಟಿಕೆಟ್ಟು, ವಿದೇಶದಲ್ಲಿ ಓದುವ ಮಗನ ಅರ್ಜಿಯ ಹಣ, ಇವೆಲ್ಲ ಅದರ ಮೂಲಕವೇ ಸಂದಾಯವಾಗುತ್ತಿವೆ. ಆದರೆ ನಾವು ಮಾಡದ ಖರ್ಚೊಂದು ನಮ್ಮ ಲೆಕ್ಕಕ್ಕೆ ಬಿದ್ದಾಗ ಏನು ಮಾಡಬೇಕೆಂಬುದು ಬಹಳ ಜನರಿಗೆ ತಿಳಿಯದು. ಫೋನಿನಲ್ಲಿ ದೂರು ಹೇಳಿ ಸುಮ್ಮನಾಗುವವರೇ ಹೆಚ್ಚು. ಹಣ ಮರಳಿ ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಆ ಮೇಲೆ ಬರೆಯುವ ಪತ್ರವನ್ನು ಅವಲಂಬಿಸಿರುತ್ತದೆ. ಆದುದರಿಂದ ಅಂತಹ ಪತ್ರವೊಂದನ್ನೇ ಇಲ್ಲಿ ವಿವರಿಸಲು ಬಯಸುತ್ತೇವೆ.

ರಾಣೆಬೆನ್ನೂರಿನಲ್ಲಿ ನೆಲೆಸಿದ ಒಬ್ಬ ನಿವೃತ್ತ ಶಿಕ್ಷಕರ ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಅವರ ಕಾರ್ಡಿನ ಮಿತಿ ಒಂದೂವರೆ ಲಕ್ಷ ರೂಪಾಯಿ. ಮಗನ ಅರ್ಜಿಶುಲ್ಕ ಕಟ್ಟುವುದಕ್ಕಾಗಿ ಒಮ್ಮೆ ವಿದೇಶಿ ಬಳಕೆಯನ್ನು ತೆರೆಸಿದ್ದರು, ಮುಚ್ಚಿಸಿರಲಿಲ್ಲ. 2023ರ ಜೂನ್ 17, ಶನಿವಾರ ರಾತ್ರಿ 11.42ಕ್ಕೆ ಅವರ ಮೊಬೈಲಿಗೆ ಒಂದು ಸಂದೇಶ ಬಂದಿತು. ವಿದೇಶದ ಒಂದು ಅಂಗಡಿಯಲ್ಲಿ 486 ಡಾಲರು ಖರ್ಚಾಗಿದೆಯೆಂದು ಅದರಲ್ಲಿತ್ತು. ಓಟಿಪಿ ಬಂದಿರಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. ಭಾರತದ ಅಂಗಡಿಗಳಿಗೆ ವಿಧಿಸಿದ್ದ ಓಟಿಪಿಯ ಕಟ್ಟಳೆ ಆಗ ವಿದೇಶದ ಅಂಗಡಿಗಳಿಗೆ ಅನ್ವಯಿಸುತ್ತಿರಲಿಲ್ಲ. ಕಾರ್ಡಿನ ಸಂಖ್ಯೆಯನ್ನು ಕದ್ದವರಿಗೆ ಅಷ್ಟೇ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ 6.10ಕ್ಕೆ ಅವರು ಬ್ಯಾಂಕಿಗೆ ಫೋನು ಮಾಡಿ ಕಾರ್ಡನ್ನು ತಡೆಹಿಡಿಸಿ, ದೂರಿನ ಸಂಖ್ಯೆಯನ್ನು ಬರೆದುಕೊಂಡರು. ಈ ಆತುರ ಏಕೆ ಬೇಕೆಂದರೆ, 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ಗ್ರಾಹಕನ ಹೊಣೆಯನ್ನು ದಿನಗಳ ಲೆಕ್ಕದಲ್ಲಿ ಗೊತ್ತುಪಡಿಸಿತ್ತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಮೂರನೆಯವರದು ಎಂಬ ಸಂದರ್ಭದಲ್ಲಿ, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಸೊನ್ನೆ. ನಾಲ್ಕರಿಂದ ಏಳನೆಯ ದಿನದವರೆಗೆ ತಿಳಿಸಿದರೆ, ಐದು ಲಕ್ಷದವರೆಗಿನ ಮಿತಿಯುಳ್ಳ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ. ಅದಕ್ಕೂ ತಡವಾದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಮ್ಮ ಶಿಕ್ಷಕರಿಗೆ ಭಾನುವಾರವನ್ನು ಬಿಟ್ಟು ಸೋಮ, ಮಂಗಳ, ಬುಧ ಹೀಗೆ ಮೂರು ದಿನಗಳಿದ್ದವು. ಅವರು ಮೊದಲ ದಿನಕ್ಕೂ ಮುಂಚೆಯೇ ತಿಳಿಸಿದ್ದರು. (ಈ ಅಂಕಿಗಳನ್ನು ನಿಮ್ಮ ಬ್ಯಾಂಕು ಈಗ ಪ್ರಕಟಿಸಿರುವ ಗ್ರಾಹಕ ಹೊಣೆಯ ನೀತಿಯೊಡನೆ ತಾಳೆ ನೋಡಿಕೊಳ್ಳುವುದು ಒಳ್ಳೆಯದು.)

ಮಂಗಳವಾರ ಖರ್ಚು ರೂಪಾಯಿಗಳಲ್ಲಿ ಲೆಕ್ಕಕ್ಕೆ ಬಂದಿತು. ಅಂದೇ ಅವರು ಬ್ಯಾಂಕಿನ ದೂರು ವಿಭಾಗಕ್ಕೆ ಇ-ಮೇಲಿನಲ್ಲಿಯೂ, ಶಾಖೆಗೆ ಮುದ್ದಾಂ ಸ್ವೀಕೃತಿಯ ಮೊಹರಿನೊಡನೆಯೂ ಕೆಳಗಿನ ಪತ್ರವನ್ನು ಕೊಟ್ಟರು.

“ಮಾನ್ಯರೇ,

4417 ಎಂಬ ಅಂಕಿಗಳಲ್ಲಿ ಕೊನೆಗೊಳ್ಳುವ ನನ್ನ ಕ್ರೆಡಿಟ್ ಕಾರ್ಡಿನಲ್ಲಿ 17-6-2023ರ ರಾತ್ರಿ 11.42ಕ್ಕೆ 486 ಡಾಲರುಗಳ ವ್ಯವಹಾರವೊಂದು ನಡೆದಿದೆ. ಇದನ್ನು ನಾನು ಮಾಡಿಲ್ಲ, ಬೇರೆಯವರಿಗೆ ಮಾಡಲು ಒಪ್ಪಿಗೆ ಕೊಟ್ಟಿಲ್ಲ, ಇದರಿಂದ ನನಗೆ ಯಾವ ಸರಕೂ ಸೇವೆಯೂ ದೊರೆತಿಲ್ಲ. ಕಾರ್ಡು ನನ್ನ ಬಳಿಯಲ್ಲಿಯೇ ಇದೆ. ಕಾರ್ಡಿನ ವಿವರವನ್ನಾಗಲಿ ಪಿನ್ನನ್ನಾಗಲಿ ನಾನು ಯಾರಿಗೂ ತಿಳಿಸಿಲ್ಲ. ನನಗೆ ಓಟಿಪಿ ಬಂದಿಲ್ಲ. 18-6-2023ರ ಬೆಳಿಗ್ಗೆ 6.10ಕ್ಕೆ ಫೋನಿನ ಮೂಲಕ ದೂರು ಕೊಟ್ಟು ಕಾರ್ಡನ್ನು ತಡೆಹಿಡಿಸಿದ್ದೇನೆ. ದೂರಿನ ಸಂಖ್ಯೆಯನ್ನು ಮೇಲೆ ನಮೂದಿಸಿದೆ.

ಆದುದರಿಂದ ಎರಡು ಕೋರಿಕೆಗಳು. ಒಂದು, ರಿಸರ್ವ್ ಬ್ಯಾಂಕಿನ 6-7-2017ರ ಸುತ್ತೋಲೆಯಂತೆ ನನ್ನ ಹೊಣೆ ಸೊನ್ನೆಯೆಂದು ಪರಿಗಣಿಸಿ 39,950 ರೂ. ಮೂಲ ಮೊತ್ತ, 1,398 ರೂ. ವಿದೇಶಿ ವಿನಿಮಯ ಶುಲ್ಕ, ಅದರ ಮೇಲಿನ 252 ರೂ. ತೆರಿಗೆ, ಒಟ್ಟು 41,600 ರೂಪಾಯಿಗಳನ್ನು ಹತ್ತು ಕೆಲಸದ ದಿನಗಳೊಳಗೆ ನನ್ನ ಲೆಕ್ಕಕ್ಕೆ ಜಮಾ ಮಾಡಬೇಕು. ಎರಡು, ಈ ವ್ಯವಹಾರವನ್ನು ವಂಚನೆಯೆಂದು ದಾಖಲಿಸಿ, ಕಾರ್ಡು ಜಾಲದ ಮೂಲಕ ಅಂಗಡಿಯ ಬ್ಯಾಂಕಿನ ಮೇಲೆ ಚಾರ್ಜ್‌ಬ್ಯಾಕ್ ಹೂಡಬೇಕು. ವಿವಾದ ಮುಗಿಯುವವರೆಗೆ ಈ ಮೊತ್ತದ ಮೇಲೆ ಬಡ್ಡಿಯನ್ನಾಗಲಿ ತಡದ ಶುಲ್ಕವನ್ನಾಗಲಿ ವಿಧಿಸಬಾರದು. ಉಳಿದ ಬಾಕಿಯನ್ನು ಗಡುವಿನೊಳಗೆ ಪಾವತಿಸುತ್ತೇನೆ.”

ಪತ್ರದೊಡನೆ ಮೊಬೈಲಿನ ಸಂದೇಶದ ಚಿತ್ರ, ಲೆಕ್ಕದ ಪುಟ, ಮತ್ತು 1930ಕ್ಕೆ ಕರೆ ಮಾಡಿ ದಾಖಲಿಸಿದ ಸೈಬರ್ ಅಪರಾಧದ ದೂರಿನ ಪ್ರತಿಯನ್ನು ಲಗತ್ತಿಸಿದರು. ಕಾರ್ಡಿನ ಪೂರ್ಣ ಸಂಖ್ಯೆಯನ್ನಾಗಲಿ, ಹಿಂಬದಿಯ ಮೂರು ಅಂಕಿಗಳನ್ನಾಗಲಿ ಎಲ್ಲಿಯೂ ಬರೆಯಲಿಲ್ಲ. ವಿವಾದಗಳನ್ನು ನೋಡುವ ವಿಭಾಗ ಬಹುತೇಕ ಪರಊರಿನಲ್ಲಿರುವುದರಿಂದ ಇಂಗ್ಲಿಷಿನ ಪ್ರತಿಯೊಂದನ್ನು ಜೊತೆಗಿರಿಸಿದ್ದೂ ಜಾಣತನವೇ. ಮೂಲ ಮೊತ್ತವನ್ನಷ್ಟೇ ಕೇಳಿ ಶುಲ್ಕವನ್ನೂ ತೆರಿಗೆಯನ್ನೂ ಮರೆಯುವವರು ಬಹಳ. ಇಲ್ಲಿ ಅದು 1,650 ರೂಪಾಯಿ.

ಎರಡು ಕೋರಿಕೆಗಳನ್ನು ಬೇರೆಬೇರೆಯಾಗಿ ಬರೆದುದರ ಮರ್ಮವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಚಾರ್ಜ್‌ಬ್ಯಾಕ್ ಎಂಬುದು ಎರಡು ಬ್ಯಾಂಕುಗಳ ನಡುವಿನ ವ್ಯಾಜ್ಯ. ಕಾರ್ಡು ನೀಡಿದ ಬ್ಯಾಂಕು ವೀಸಾ ಅಥವಾ ಮಾಸ್ಟರ್‌ಕಾರ್ಡಿನಂತಹ ಜಾಲದ ನಿಯಮದಂತೆ ಅಂಗಡಿಯ ಬ್ಯಾಂಕಿನಿಂದ ಹಣವನ್ನು ಮರಳಿ ಸೆಳೆಯುತ್ತದೆ. ಅಂಗಡಿಯವನು ದಾಖಲೆ ತೋರಿಸಿ ಪ್ರತಿವಾದ ಹೂಡಬಹುದು. ವಂಚನೆಯ ಚಾರ್ಜ್‌ಬ್ಯಾಕಿಗೆ ವೀಸಾ ಜಾಲದಲ್ಲಿ ಸುಮಾರು 120 ದಿನಗಳ ಗಡುವಿದೆ. ಸುತ್ತೋಲೆಯ ರಕ್ಷಣೆಯಾದರೋ ಗ್ರಾಹಕನಿಗೂ ಅವನ ಬ್ಯಾಂಕಿಗೂ ಸಂಬಂಧಿಸಿದ್ದು. ಗ್ರಾಹಕನೇ ಹೊಣೆಯೆಂದು ಸಿದ್ಧಪಡಿಸುವ ಭಾರವನ್ನು ಅದು ಬ್ಯಾಂಕಿನ ಮೇಲೆ ಹೊರಿಸಿತ್ತು. ಆದುದರಿಂದ “ಅಂಗಡಿಯವರು ಚಾರ್ಜ್‌ಬ್ಯಾಕನ್ನು ಒಪ್ಪಲಿಲ್ಲ, ತಾತ್ಕಾಲಿಕ ಜಮೆಯನ್ನು ಹಿಂಪಡೆದಿದ್ದೇವೆ” ಎಂಬ ಉತ್ತರ ಬಂದರೆ ಅಲ್ಲಿಗೆ ಸೋತೆವೆಂದು ತಿಳಿಯಬಾರದು. ಎರಡನೆಯ ಕೋರಿಕೆ ಬಿದ್ದುಹೋದರೂ ಮೊದಲನೆಯದು ನಿಂತೇ ಇರುತ್ತದೆ. ಒಂದೇ ಕೋರಿಕೆಯಾಗಿ ಬರೆದವರಿಗೆ ಇದನ್ನು ಎತ್ತಿ ತೋರಿಸುವುದು ಕಷ್ಟ.

ಇನ್ನೊಂದು ಎಡವಟ್ಟು ಮಾತಿನದು. ಸಿಟ್ಟಿನ ಭರದಲ್ಲಿ ಕೆಲವರು “ಸರಕು ತಲುಪಲಿಲ್ಲ” ಎಂದೋ “ಈ ಆರ್ಡರನ್ನು ರದ್ದುಮಾಡಿ” ಎಂದೋ ಬರೆದುಬಿಡುತ್ತಾರೆ. ಸರಕು ತಲುಪಲಿಲ್ಲವೆಂದರೆ ಕೊಂಡದ್ದು ತಾನೇ ಎಂದು ಒಪ್ಪಿದಂತೆ ಓದಿಕೊಳ್ಳಲು ಅವಕಾಶವಾಗುತ್ತದೆ. ಜಾಲದ ನಿಯಮದಲ್ಲಿ ಅದು ಬೇರೆಯೇ ವರ್ಗದ ವಿವಾದ, ಬೇರೆಯೇ ಸಾಕ್ಷ್ಯ ಬೇಕು.

ಓಟಿಪಿಯಿಂದ ನಡೆದ ಖರ್ಚಾಗಿದ್ದರೆ ದಾರಿ ಹೆಚ್ಚು ಕಠಿಣ. ಅಂತಹ ವ್ಯವಹಾರದಲ್ಲಿ ವಂಚನೆಯ ನಷ್ಟ ಸಾಮಾನ್ಯವಾಗಿ ಅಂಗಡಿಯಿಂದ ಕಾರ್ಡು ನೀಡಿದ ಬ್ಯಾಂಕಿನ ಕಡೆಗೆ ವಾಲುವುದರಿಂದ ಚಾರ್ಜ್‌ಬ್ಯಾಕಿನ ಬಾಗಿಲು ಬಹುಮಟ್ಟಿಗೆ ಮುಚ್ಚಿರುತ್ತದೆ. ಆಗ ಓಟಿಪಿ ಯಾವ ಸಂಖ್ಯೆಗೆ ಹೋಯಿತು, ಎಷ್ಟು ಗಂಟೆಗೆ ತಲುಪಿತು, ಅದಕ್ಕೆ ಮುಂಚೆ ನೋಂದಾಯಿತ ಮೊಬೈಲು ಸಂಖ್ಯೆ ಬದಲಾಗಿತ್ತೇ ಎಂದು ಲಿಖಿತವಾಗಿ ಕೇಳಬೇಕು. ಮನೆಯವರಲ್ಲಿ ಯಾರಾದರೂ ಮೋಸದ ಕರೆಗೆ ಓಟಿಪಿ ಹೇಳಿದ್ದರೆ ಅದನ್ನು ಪತ್ರದಲ್ಲಿ ಮರೆಮಾಚಬಾರದು. 2017ರ ನಿಯಮದಂತೆ ದೂರು ಕೊಡುವವರೆಗಿನ ನಷ್ಟ ಗ್ರಾಹಕನದು, ದೂರಿನ ನಂತರದ ನಷ್ಟ ಬ್ಯಾಂಕಿನದು. ದೂರಿನ ಗಂಟೆ ನಿಮಿಷಗಳನ್ನು ಬರೆದಿಟ್ಟುಕೊಳ್ಳಿರೆಂದು ನಾವು ಹೇಳುವುದು ಅದಕ್ಕಾಗಿಯೇ.

ಬ್ಯಾಂಕು 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕೆಂದು ಸುತ್ತೋಲೆ ವಿಧಿಸಿತ್ತು. ಆದರೆ ಅಷ್ಟು ದಿನ ಕಾಯುತ್ತ ಕುಳಿತಿರಬೇಕಾಗಿಲ್ಲ. ಪತ್ರ ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ cms.rbi.org.in ಎಂಬ ತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲು ಲಿಖಿತವಾಗಿ ದೂರು ಕೊಟ್ಟಿರುವುದಕ್ಕೆ ಅಲ್ಲಿ ಆಧಾರ ಬೇಕಾಗುತ್ತದೆ. ಶಾಖೆಯ ಮೊಹರು ಬಿದ್ದ ಪ್ರತಿ ಆಗ ಕೈಯಲ್ಲಿರಬೇಕು.