ಹುಗ್ಗಿಗೆ ಗೋಡಂಬಿ, ದ್ರಾಕ್ಷಿ ಹುರಿಯುವಾಗ ಕರ್ರಗಾಗ್ತಾವಾ? ಇಳಿಸೋ ಹೊತ್ತು ತಿಳ್ಕೊಳ್ರಿ

ಆಳಂದ, ಅಫಜಲಪುರ, ಜೇವರ್ಗಿ: ಮನೆಯಲ್ಲಿ ಕಾರ್ಯ ಇದ್ದರೆ ಗೋಧಿ ಹುಗ್ಗಿ ಮತ್ತು ಚಿತ್ರಾನ್ನ ಆಗೇ ಆಗುತ್ತವೆ. ಹುಗ್ಗಿಗೆ ಗೋಡಂಬಿ, ಒಣದ್ರಾಕ್ಷಿ ಬೇಕು, ಚಿತ್ರಾನ್ನಕ್ಕೆ ಶೇಂಗಾ ಬೇಕು. ಮೂರನ್ನೂ ಒಟ್ಟಿಗೆ ತುಪ್ಪಕ್ಕೆ ಸುರಿದರೆ ಕೆಲಸ ಕೆಟ್ಟಂತೆಯೇ. ಶೇಂಗಾ ಹುರಿಯುವುದರೊಳಗೆ ದ್ರಾಕ್ಷಿ ಸುಟ್ಟು ಕಹಿಯಾಗಿರುತ್ತದೆ. ಆ ಕಹಿ ತುಪ್ಪಕ್ಕಿಳಿದು, ತುಪ್ಪದಿಂದ ಇಡೀ ಪಾತ್ರೆಗೆ ಹೋಗುತ್ತದೆ.

ಒಂದು ಕಿಲೋ ಗೋಧಿಯ ಹುಗ್ಗಿ ಅಂತ ಲೆಕ್ಕ ಹಿಡಿಯೋಣ. 50 ಗ್ರಾಂ ಗೋಡಂಬಿ, 50 ಗ್ರಾಂ ದ್ರಾಕ್ಷಿಗೆ ಐದಾರು ಚಮಚ ತುಪ್ಪ ಸಾಕು. ಮನೆಯಲ್ಲಿ ಕಾಸಿದ ತುಪ್ಪವಾದರೆ ಮೇಲಿನ ತಿಳಿಯನ್ನಷ್ಟೇ ತೆಗೆದುಕೊಳ್ಳಿ. ತಳದ ಗಸಿ ಎಲ್ಲಕ್ಕಿಂತ ಮೊದಲು ಸುಟ್ಟು, ಕಪ್ಪು ಚುಕ್ಕೆಯಾಗಿ ಗೋಡಂಬಿಗೆ ಮೆತ್ತುತ್ತದೆ.

ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ತುಪ್ಪ ಕಾಯಲಿ. ಒಂದು ಗೋಡಂಬಿ ಚೂರು ಹಾಕಿ ನೋಡಿ. ಸುತ್ತಲೂ ಸಣ್ಣ ಗುಳ್ಳೆ ಎದ್ದರೆ ಹದ ಸರಿ, ಹಾಕಿದ ಕೂಡಲೇ ಬಣ್ಣ ತಿರುಗಿದರೆ ತುಪ್ಪ ಹೆಚ್ಚು ಕಾದಿದೆ. ಇಡೀ ಗೋಡಂಬಿ ಮತ್ತು ತುಂಡು ಬೆರೆಸಬೇಡಿ. ಇಡೀದು ಹುರಿಯುವುದರೊಳಗೆ ತುಂಡು ಕರ್ರಗಾಗುತ್ತದೆ. ಅಂಗಡಿಯಲ್ಲಿ ಸಿಗುವ ತುಂಡು ಗೋಡಂಬಿ ಅಗ್ಗ, ಹುಗ್ಗಿಗೆ ಅದೂ ನಡೆಯುತ್ತದೆ, ಅಳತೆ ಒಂದೇ ಇದ್ದರಾಯಿತು.

ಎಲ್ಲರೂ ತಪ್ಪೋದು ಇಳಿಸುವ ಹೊತ್ತಿನಲ್ಲಿ. "ಇನ್ನೊಂದೀಟು ಬಣ್ಣ ಬರ್ಲಿ" ಅಂತ ಕಾಯ್ತಾರೆ. ಆದರೆ ತುಪ್ಪದಿಂದ ತೆಗೆದ ಮೇಲೂ ಗೋಡಂಬಿಯೊಳಗಿನ ಬಿಸಿ ಅದನ್ನು ಹುರಿಯುತ್ತಲೇ ಇರುತ್ತದೆ. ಅದಕ್ಕೇ ಅಂಚು ತಿಳಿ ಬಂಗಾರದ ಬಣ್ಣಕ್ಕೆ ಬರುತ್ತಲೇ ಝಾರಿಯಿಂದ ತೆಗೆದು, ಅಗಲ ತಟ್ಟೆಯಲ್ಲಿ ಹರವಿ. ಬಟ್ಟಲಲ್ಲಿ ಗುಡ್ಡೆ ಹಾಕಿದರೆ ಬಿಸಿ ಒಳಗೇ ಉಳಿದು ಇನ್ನೂ ಕಂದುತ್ತದೆ.

ಈಗ ಒಲೆ ಆರಿಸಿ, ಅದೇ ತುಪ್ಪಕ್ಕೆ ದ್ರಾಕ್ಷಿ ಹಾಕಿ. ಅದರಲ್ಲಿ ಸಕ್ಕರೆ ಅಂಶ ಹೆಚ್ಚು, ಉರಿ ಇದ್ದರೆ ನೋಡನೋಡುತ್ತಲೇ ಸುಡುತ್ತದೆ. ಉಳಿದ ಬಿಸಿಗೇ ಅದು ಗುಂಡಗೆ ಉಬ್ಬುತ್ತದೆ. ಉಬ್ಬಿದ ಕೂಡಲೇ ತೆಗೆಯಿರಿ. ಉಬ್ಬದಿದ್ದರೆ ಮಾತ್ರ ಸಣ್ಣ ಉರಿ ಹಚ್ಚಿ. ತೊಳೆದ ದ್ರಾಕ್ಷಿಯಾದರೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿರಬೇಕು, ಇಲ್ಲಾಂದ್ರೆ ತುಪ್ಪ ಸಿಡಿದು ಕೈ ಸುಡುತ್ತದೆ.

ಹುಗ್ಗಿಗೆ ಬೇಕಾದಷ್ಟು ತುಪ್ಪ ಬೇರೆ ತೆಗೆದಿಟ್ಟು, ಉಳಿದದ್ದರಲ್ಲಿ ಕೊನೆಗೆ ಶೇಂಗಾ ಹುರಿಯಿರಿ. ಅದರ ಕೆಂಪು ಸಿಪ್ಪೆ ಉದುರಿ ತುಪ್ಪದಲ್ಲಿ ಸುಡುವುದರಿಂದ ಅದಕ್ಕೆ ಕೊನೆಯ ಸರದಿ. ಸಿಪ್ಪೆ ಇರುವುದರಿಂದ ಒಳಗಿನ ಬಣ್ಣ ಕಾಣದು. ಚಟಪಟ ಸದ್ದು ಶುರುವಾದ ಮೇಲೆ ಒಂದು ಕಾಳು ತೆಗೆದು, ಆರಿಸಿ, ಒಡೆದು ನೋಡಿ. ಒಳಗೆ ತಿಳಿ ಹಳದಿ ಇದ್ದರೆ ಇಳಿಸಬಹುದು, ಬೆಳ್ಳಗಿದ್ದರೆ ಇನ್ನೂ ಹಸಿ. ಬಿಸಿ ಇರುವಾಗ ಶೇಂಗಾ ಮೆತ್ತಗೇ ಇರುತ್ತದೆ, ಆರಿದ ಮೇಲೆಯೇ ಗರಿಗರಿ. ಮೆತ್ತಗಿದೆ ಅಂತ ಮತ್ತೆ ಹುರಿಯೋಕೆ ಹೋಗಬೇಡಿ.

ಇಷ್ಟಾದರೂ ಕರ್ರಗಾದರೆ ಆ ಕಾಳುಗಳ ಜೊತೆ ತುಪ್ಪವನ್ನೂ ಬಿಡಬೇಕು. ಸೋಸಿದರೆ ಚೂರು ಹೋಗುತ್ತವೆ, ಕಹಿ ಹೋಗೋದಿಲ್ಲ. ಐದು ಚಮಚ ತುಪ್ಪ ಉಳಿಸಲು ಹೋಗಿ ಇಡೀ ಹುಗ್ಗಿ ಕೆಡಿಸಿಕೊಳ್ಳಬೇಡಿ.