ಸೋಫಾದ ಕಾಲು ನೆಲಕ್ಕೆ ತಾಗಿದೆಯೇ?

ಮಾರಾಟಕ್ಕಿರುವ ಫ್ಲಾಟ್‌ನ ಫೋಟೊ ಅದು. ಹಾಲ್‌ನಲ್ಲಿ ಮೂರು ಸೀಟಿನ ಬೂದು ಸೋಫಾ, ಅದರ ಮುಂದೆ ಟೀಪಾಯಿ, ಮೂಲೆಯಲ್ಲಿ ಎತ್ತರದ ದೀಪ. ಎಲ್ಲವೂ ಚೆಂದವಾಗಿಯೇ ಇದೆ. ಆದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಕೇಳಿದರೆ ಹೇಳಲು ಬರುವುದಿಲ್ಲ. ಹತ್ತಿರದಿಂದ ನೋಡಿದರೆ ತಪ್ಪು ಸಾಮಾನ್ಯವಾಗಿ ಎರಡು ಕಡೆ ಸಿಗುತ್ತದೆ. ಸೋಫಾದ ಕಾಲು ನೆಲಕ್ಕೆ ತಾಗುವಲ್ಲಿ ನೆರಳಿರುವುದಿಲ್ಲ. ಇಲ್ಲವೇ ಪಕ್ಕದ ಬಾಗಿಲಿಗೆ ಹೋಲಿಸಿದರೆ ಸೋಫಾ ತುಸು ಚಿಕ್ಕದಾಗಿರುತ್ತದೆ.

ಖಾಲಿ ಕೋಣೆಯ ಫೋಟೊದೊಳಗೆ ಕಂಪ್ಯೂಟರ್‌ನಲ್ಲಿ ಪೀಠೋಪಕರಣ ಇಡುವ ಈ ಕೆಲಸಕ್ಕೆ ವರ್ಚುವಲ್ ಸ್ಟೇಜಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ ಮನೆ ಮಾರುವ ಮುಂಚೆ ನಿಜವಾದ ಸೋಫಾ, ಮಂಚಗಳನ್ನೇ ಬಾಡಿಗೆಗೆ ತಂದು ಜೋಡಿಸುವ ವಾಡಿಕೆ ಮೊದಲಿನಿಂದ ಇತ್ತು. ಆ ಖರ್ಚಿನ ಬದಲು ಬಂದದ್ದು ಇದು. ಬೆಂಗಳೂರಿನ ಫ್ಲಾಟ್ ಜಾಹೀರಾತುಗಳಲ್ಲೂ ಇಂಥ ಚಿತ್ರಗಳು ಈಗ ಹೊಸದಲ್ಲ. ಖಾಲಿ ಹಾಲ್ ನೋಡಿದರೆ ಅದು ದೊಡ್ಡದೋ ಚಿಕ್ಕದೋ ಎಂದು ಕಣ್ಣಿಗೆ ಬೇಗ ತಿಳಿಯುವುದಿಲ್ಲ. ಗೊತ್ತಿರುವ ಗಾತ್ರದ ವಸ್ತು ಒಂದಿದ್ದರೆ ತಿಳಿಯುತ್ತದೆ. ಹಾಗಾಗಿ ಆ ವಸ್ತುವಿನ ಗಾತ್ರವೇ ತಪ್ಪಾಗಿದ್ದರೆ ಇಡೀ ಕೋಣೆಯ ಅಂದಾಜೂ ತಪ್ಪುತ್ತದೆ.

ಗಾತ್ರ ಸರಿಮಾಡಲು ಮೊದಲು ತಿಳಿಯಬೇಕಾದ್ದು ಒಂದೇ: ಫೋಟೊ ತೆಗೆದಾಗ ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು? ತೆಗೆದವರನ್ನು ಕೇಳಬೇಕಾಗಿಲ್ಲ, ಚಿತ್ರವೇ ಅದನ್ನು ಹೇಳುತ್ತದೆ. ನೆಲದ ಟೈಲ್ಸ್ ನಡುವಿನ ಗೆರೆಗಳು ಕೋಣೆಯ ಒಳಮುಖವಾಗಿ ಸಾಗುತ್ತಾ ಒಂದಕ್ಕೊಂದು ಹತ್ತಿರವಾಗುತ್ತವೆ. ಅಂಥ ಎರಡು ಗೆರೆಗಳನ್ನು ಮುಂದಕ್ಕೆ ಎಳೆದರೆ ಅವು ಒಂದು ಬಿಂದುವಿನಲ್ಲಿ ಸೇರುತ್ತವೆ. ಆ ಬಿಂದುವಿನ ಮೂಲಕ ಅಡ್ಡಗೆರೆ ಹಾಕಿದರೆ ಅದೇ ದಿಗಂತರೇಖೆ. ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೋ, ಕೋಣೆಯೊಳಗಿನ ಪ್ರತಿ ವಸ್ತುವನ್ನೂ ಈ ರೇಖೆ ಅಷ್ಟೇ ಎತ್ತರದಲ್ಲಿ ಹಾದುಹೋಗುತ್ತದೆ. ವಸ್ತು ಹತ್ತಿರವಿರಲಿ, ದೂರವಿರಲಿ, ಇದು ಬದಲಾಗುವುದಿಲ್ಲ.

ಇದು ಕಂಪ್ಯೂಟರ್ ಕಾಲದ ಶೋಧವಲ್ಲ. ಇಟಲಿಯ ಲಿಯೋನ್ ಬಟಿಸ್ಟಾ ಅಲ್ಬರ್ಟಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಗ್ರಂಥದಲ್ಲಿ ಚೌಕಗಳ ನೆಲವನ್ನು ಹೇಗೆ ಬಿಡಿಸಬೇಕೆಂದು ವಿವರಿಸಿದ್ದಾನೆ. ಗೆರೆಗಳು ಸೇರುವ ಬಿಂದು ಚಿತ್ರದಲ್ಲಿರುವ ಮನುಷ್ಯನ ಎತ್ತರವನ್ನು ಮೀರಬಾರದು ಎಂಬುದು ಅವನ ಸೂಚನೆ. ಹಾಗಾದರೆ ಮಾತ್ರ ನೋಡುಗನೂ ಚಿತ್ರದೊಳಗಿನವರೂ ಒಂದೇ ನೆಲದ ಮೇಲೆ ನಿಂತಂತೆ ಕಾಣುತ್ತದೆ ಎಂಬುದು ಅವನ ವಾದ. ಇಂದು ಸೋಫಾ ಕೂರಿಸುವವರು ಮಾಡುವುದೂ ಅದೇ ಲೆಕ್ಕ.

ಆ ಲೆಕ್ಕವನ್ನು ಒಂದು ಹಾಲ್‌ಗೆ ಹಚ್ಚಿ ನೋಡಬಹುದು. ಎದುರಿನ ಗೋಡೆ ಹತ್ತು ಅಡಿ ಅಗಲ, ನೆಲಕ್ಕೆ ಎರಡಡಿ ಚೌಕದ ವಿಟ್ರಿಫೈಡ್ ಟೈಲ್ಸ್, ಬಲಗೋಡೆಯಲ್ಲಿ ಏಳಡಿ ಎತ್ತರದ ಬಾಗಿಲು, ಎಡಕ್ಕೆ ಬಾಲ್ಕನಿ. ಫೋಟೊದಲ್ಲಿ ಬಾಗಿಲಿನ ಹತ್ತಿರದ ಚೌಕಟ್ಟು ಕೆಳಗಿನಿಂದ ಮೇಲಕ್ಕೆ 1,260 ಪಿಕ್ಸೆಲ್ ಇದೆ. ದಿಗಂತರೇಖೆ ಅದನ್ನು ಬುಡದಿಂದ 720 ಪಿಕ್ಸೆಲ್ ಎತ್ತರದಲ್ಲಿ ಹಾದುಹೋಗುತ್ತದೆ. ಅಂದರೆ ಏಳು ಅಡಿಯಲ್ಲಿ ನಾಲ್ಕು ಅಡಿ. ಕ್ಯಾಮೆರಾ ಇದ್ದದ್ದು ನಾಲ್ಕಡಿ ಎತ್ತರದಲ್ಲಿ.

ಇಷ್ಟು ಗೊತ್ತಾದ ಮೇಲೆ ಸೋಫಾದ ಎತ್ತರ ತಾನಾಗಿ ನಿರ್ಧಾರವಾಗುತ್ತದೆ. ಅದರ ಬೆನ್ನು ನೆಲದಿಂದ 32 ಇಂಚು ಎತ್ತರ ಎಂದರೆ ನಾಲ್ಕಡಿಯಲ್ಲಿ ಮೂರನೇ ಎರಡು ಪಾಲು. ಎದುರಿನ ಗೋಡೆಯ ಬುಡದಿಂದ ದಿಗಂತರೇಖೆಗೆ 600 ಪಿಕ್ಸೆಲ್ ಇದ್ದರೆ, ಗೋಡೆಗೆ ಒರಗಿದ ಸೋಫಾದ ಬೆನ್ನಿನ ತುದಿ 400ಕ್ಕೆ ನಿಲ್ಲಬೇಕು. ಅದೇ ಸೋಫಾವನ್ನು ಮುಂದಕ್ಕೆ ಎಳೆದು, ನೆಲದಿಂದ ರೇಖೆಗೆ 900 ಪಿಕ್ಸೆಲ್ ಇರುವಲ್ಲಿ ಬೆನ್ನಿಟ್ಟರೆ ತುದಿ 600ಕ್ಕೆ ಬರಬೇಕು. ಪಿಕ್ಸೆಲ್ ಬದಲಾದರೂ ಪಾಲು ಬದಲಾಗುವುದಿಲ್ಲ.

ಅಗಲಕ್ಕೂ ಇದೇ ದಾರಿ. ಎದುರಿನ ಗೋಡೆಯ ಬಳಿ ನಾಲ್ಕಡಿಗೆ 600 ಪಿಕ್ಸೆಲ್, ಎಂದರೆ ಅಡಿಗೆ 150. ಆರೂವರೆ ಅಡಿಯ ಮೂರು ಸೀಟಿನ ಸೋಫಾದ ಬೆನ್ನು ಅಲ್ಲಿ 975 ಪಿಕ್ಸೆಲ್ ಅಗಲ ಬರಬೇಕು. ಇನ್ನೂ ಸುಲಭವಾಗಿ ಹೇಳಬೇಕೆಂದರೆ, ಅದು ಮೂರು ಟೈಲ್ಸ್ ದಾಟಿ ನಾಲ್ಕನೆಯದರ ಕಾಲುಭಾಗವನ್ನು ಮುಚ್ಚಬೇಕು.

ಮೋಸ ನಡೆಯುವುದೂ ಇಲ್ಲೇ. ಅದೇ ಸೋಫಾವನ್ನು ಎರಡೂವರೆ ಟೈಲ್ಸ್‌ಗೆ ಕುಗ್ಗಿಸಿದರೆ ಅದು ಐದಡಿಯದಾಗುತ್ತದೆ. ನಿಜದಲ್ಲಿ ಗೋಡೆಯ ಉದ್ದಕ್ಕೆ ಉಳಿಯುವುದು ಮೂರೂವರೆ ಅಡಿ, ಚಿತ್ರದಲ್ಲಿ ಐದಡಿ ಉಳಿದಂತೆ ಕಾಣುತ್ತದೆ. ಆ ಜಾಗದಲ್ಲಿ ಪುಸ್ತಕದ ಕಪಾಟು ಇಡಬಹುದೆಂದು ಕೊಳ್ಳುವವರು ಮನಸ್ಸಿನಲ್ಲೇ ಲೆಕ್ಕ ಹಾಕಿರುತ್ತಾರೆ. ಮೂರು ಜನ ಕೂರುವ ಐದಡಿಯ ಸೋಫಾ ಅಂಗಡಿಯಲ್ಲಿ ಸಿಗುವುದು ಅಪರೂಪ ಎಂಬುದು ಅವರಿಗೆ ಹೊಳೆಯುವುದು ಮನೆಗೆ ಬಂದ ಮೇಲೆ. ಹೀಗೆ ಕುಗ್ಗಿಸುವುದು ಕೈಚಳಕದ ಕೊರತೆಯಲ್ಲ, ಗೊತ್ತಿದ್ದೇ ಮಾಡುವ ಅನ್ಯಾಯ.

ಈ ಲೆಕ್ಕಕ್ಕೆ ಒಂದು ಷರತ್ತಿದೆ. ಕ್ಯಾಮೆರಾ ಸಮಮಟ್ಟದಲ್ಲಿರಬೇಕು. ಅದನ್ನು ಕೆಳಕ್ಕೆ ಬಗ್ಗಿಸಿ ತೆಗೆದಿದ್ದರೆ ಗೋಡೆಯ ಅಂಚುಗಳು ಓರೆಯಾಗುತ್ತವೆ, ಪಾಲಿನ ಲೆಕ್ಕ ಕೆಡುತ್ತದೆ. ಆದ್ದರಿಂದ ಮೊದಲು ಫೋಟೊವನ್ನು ತಿದ್ದಿ ಬಾಗಿಲಿನ ಚೌಕಟ್ಟುಗಳನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ. ಫೋನಿನ ಅಲ್ಟ್ರಾವೈಡ್ ಲೆನ್ಸ್‌ನ ತೊಂದರೆ ಬೇರೆಯದು. ಅದು ಚಿತ್ರದ ಅಂಚಿನಲ್ಲಿರುವುದನ್ನು ಪಕ್ಕಕ್ಕೆ ಹಿಗ್ಗಿಸುತ್ತದೆ. ಅಂಚಿನ ಟೈಲ್ಸ್ ಹಿಗ್ಗಿ, ಅದರ ಮೇಲಿಟ್ಟ ಕುರ್ಚಿ ಮಾತ್ರ ಹಿಗ್ಗದೆ ನಿಂತಿದ್ದರೆ ಕಣ್ಣು ತಕ್ಷಣ ಒಪ್ಪುವುದಿಲ್ಲ.

ಕ್ಯಾಟಲಾಗ್‌ನ ಚಿತ್ರ ಕತ್ತರಿಸಿ ಅಂಟಿಸಿದಾಗ ಮತ್ತೊಂದು ಎಡವಟ್ಟಾಗುತ್ತದೆ. ಕ್ಯಾಟಲಾಗ್‌ನವರ ಕ್ಯಾಮೆರಾ ಇದ್ದ ಎತ್ತರವೇ ಬೇರೆ. ಆರೂವರೆ ಅಡಿಯ ಬೀರುವಿನ ನೆತ್ತಿ ನಾಲ್ಕಡಿ ಎತ್ತರದ ಕ್ಯಾಮೆರಾಕ್ಕೆ ಕಾಣಲು ಸಾಧ್ಯವೇ ಇಲ್ಲ. ಫ್ರಿಜ್ಜಿನ ನೆತ್ತಿಯೂ ಅಷ್ಟೇ. ಚಿತ್ರದಲ್ಲಿ ಅದು ಕಂಡರೆ ಆ ಬೀರು ಬೇರೆ ಕೋಣೆಯಿಂದ ಬಂದದ್ದು ಎಂದೇ ಅರ್ಥ. ಈ ಕಾರಣಕ್ಕೆ ನುರಿತವರು ಚಿತ್ರ ಅಂಟಿಸುವುದನ್ನು ಬಿಟ್ಟು ಮೂರು ಆಯಾಮದ ಮಾದರಿಗಳನ್ನೇ ಬಳಸುತ್ತಾರೆ. ಎಫ್‌ಸ್ಪೈ ಎಂಬ ಉಚಿತ ತಂತ್ರಾಂಶದಲ್ಲಿ ಗೋಡೆ, ನೆಲದ ಗೆರೆಗಳನ್ನು ಗುರುತಿಸಿದರೆ ಅದು ಕ್ಯಾಮೆರಾದ ಕೋನ ಮತ್ತು ಲೆನ್ಸ್‌ನ ನೋಟವನ್ನು ಲೆಕ್ಕಹಾಕಿ ಕೊಡುತ್ತದೆ. ಆ ಕ್ಯಾಮೆರಾವನ್ನು ಬ್ಲೆಂಡರ್‌ಗೆ ಒಯ್ದು, ಅಲ್ಲಿ ಸೋಫಾದ ಮಾದರಿಯನ್ನು ನಿಜ ಅಳತೆಯಲ್ಲಿ ಇಡುತ್ತಾರೆ.

ಇನ್ನು ನೆರಳಿನ ಮಾತು. ನೆರಳು ಅಲಂಕಾರಕ್ಕಲ್ಲ, ವಸ್ತು ಎಲ್ಲಿದೆ ಎಂದು ಮಿದುಳಿಗೆ ತಿಳಿಸುವುದೇ ಅದು. 1997ರಲ್ಲಿ ಡೇನಿಯಲ್ ಕರ್ಸ್ಟನ್, ಪಾಸ್ಕಲ್ ಮಮಾಸಿಯನ್, ಡೇವಿಡ್ ನಿಲ್ ಎಂಬ ಸಂಶೋಧಕರು ಇದನ್ನು ಸೊಗಸಾಗಿ ತೋರಿಸಿದರು. ಪರದೆಯ ಮೇಲೆ ಪೆಟ್ಟಿಗೆಯೊಂದರಲ್ಲಿ ಚೆಂಡು ಓರೆಯಾಗಿ ಚಲಿಸುತ್ತದೆ. ನೆರಳು ಚೆಂಡಿಗೆ ಅಂಟಿಕೊಂಡೇ ಸಾಗಿದಾಗ ಚೆಂಡು ನೆಲದ ಮೇಲೆ ಉರುಳುತ್ತಾ ಹಿಂದಕ್ಕೆ ಹೋದಂತೆ ಕಾಣುತ್ತದೆ. ನೆರಳು ಚೆಂಡನ್ನು ಬಿಟ್ಟು ಅಡ್ಡಕ್ಕೆ ಸಾಗಿದಾಗ ಚೆಂಡು ಗಾಳಿಯಲ್ಲಿ ಮೇಲೇರಿದಂತೆ ಕಾಣುತ್ತದೆ. ಚೆಂಡಿನ ದಾರಿ ಮಾತ್ರ ಎರಡರಲ್ಲೂ ಒಂದೇ. ನೆರಳಿಲ್ಲದ ಸೋಫಾ ತೇಲುವಂತೆ ಕಾಣುವುದು ಇದೇ ಕಾರಣಕ್ಕೆ.

ನೆಲ ಮುಟ್ಟುವಲ್ಲಿ ಎರಡು ನೆರಳುಗಳಿರುತ್ತವೆ, ಎರಡನ್ನೂ ಬೇರೆಬೇರೆಯಾಗಿ ಹಾಕಬೇಕು. ಮೊದಲನೆಯದು ಕಾಲಿನ ಬುಡದ ತೆಳುವಾದ ಕಪ್ಪು ಗೆರೆ. ಅಲ್ಲಿ ಬೆಳಕು ನುಸುಳಲು ಸಂದೇ ಇಲ್ಲದ್ದರಿಂದ ಬಾಲ್ಕನಿ ಯಾವ ಕಡೆಗಿದ್ದರೂ ಈ ಗೆರೆ ಇರುತ್ತದೆ. ನಮ್ಮ ಹಾಲ್‌ನ ಚಿತ್ರದಲ್ಲಿ ಸೋಫಾದ ಮುಂಗಾಲಿನ ಬಳಿ ಒಂದು ಇಂಚಿಗೆ ಸುಮಾರು 15 ಪಿಕ್ಸೆಲ್. ಆದ್ದರಿಂದ ಈ ಗೆರೆ ಏಳೆಂಟು ಪಿಕ್ಸೆಲ್ ದಾಟಬಾರದು. ಇದಕ್ಕಿಂತ ದಪ್ಪವಾದರೆ ಕಾಲಿಗೆ ಮಸಿ ಬಳಿದಂತಾಗುತ್ತದೆ.

ಎರಡನೆಯದು ಬೆಳಕು ಬರುವ ದಿಕ್ಕಿನಿಂದ ಆಚೆಗೆ ಹರಡುವ ನೆರಳು. ಎಡಗಡೆಯ ಬಾಲ್ಕನಿಯಿಂದ ಬೆಳಕು ಬಂದರೆ ಇದು ಬಲಕ್ಕೆ ಚಾಚುತ್ತದೆ. ಬಾಲ್ಕನಿಯ ಬಾಗಿಲು ಅಗಲವಾಗಿರುವುದರಿಂದ ಬೆಳಕು ಹಲವು ಕೋನಗಳಿಂದ ಬರುತ್ತದೆ. ಹಾಗಾಗಿ ನೆರಳು ಬುಡದಲ್ಲಿ ಗಾಢವಾಗಿದ್ದು ದೂರ ಹೋದಂತೆ ಅಂಚು ಕರಗುತ್ತದೆ. ನೇರ ಬಿಸಿಲಾದರೆ ಹಾಗಲ್ಲ. ಸೂರ್ಯ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ ಕಾಣುವುದರಿಂದ ಮೂರಡಿ ದೂರ ಬಿದ್ದ ನೆರಳಿನ ಅಂಚೂ ಅರ್ಧ ಇಂಚಿನೊಳಗೇ ಮಸುಕಾಗುತ್ತದೆ. ಒಂದೇ ಹದದಲ್ಲಿ ಸುತ್ತಲೂ ಮಸುಕಾದ ನೆರಳು ಕಂಡರೆ ಅದು ತಂತ್ರಾಂಶದ ಗುಂಡಿ ಒತ್ತಿ ಮಾಡಿದ್ದು.

ಖಾಲಿ ಕೋಣೆಯಲ್ಲಿ ಬೆಳಕಿನ ದಿಕ್ಕು ತಿಳಿಯಲು ಬಾಗಿಲ ಹಿಡಿ, ಸ್ವಿಚ್‌ಬೋರ್ಡ್, ಸ್ಕರ್ಟಿಂಗ್‌ಗಳ ಸಣ್ಣ ನೆರಳುಗಳನ್ನೇ ಹುಡುಕಬೇಕು. ನೆರಳಿನ ಬಣ್ಣವನ್ನೂ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಕೆನೆಬಣ್ಣದ ಟೈಲ್ಸ್ ಮೇಲಿನ ನೆರಳು ಕಂದು ಛಾಯೆಯದು, ಅಪ್ಪಟ ಕಪ್ಪಲ್ಲ. ಫೋಟೊಶಾಪ್‌ನಲ್ಲಿ ನೆರಳಿನ ಪದರವನ್ನು ಮಲ್ಟಿಪ್ಲೈ ಆಯ್ಕೆಯಲ್ಲಿಡುವುದು ಇದಕ್ಕೇ. ಆಗ ಟೈಲ್ಸ್‌ನ ಗೆರೆಗಳು ನೆರಳಿನೊಳಗೂ ಕಾಣುತ್ತವೆ. ಬ್ಲೆಂಡರ್‌ನಲ್ಲಾದರೆ ಶ್ಯಾಡೋ ಕ್ಯಾಚರ್ ಎಂಬ ಸೌಲಭ್ಯವಿದೆ. ತಾನು ಕಾಣದೆ, ತನ್ನ ಮೇಲೆ ಬಿದ್ದ ನೆರಳನ್ನು ಮಾತ್ರ ಉಳಿಸಿಕೊಡುವ ನೆಲ ಅದು.

ಹೊರದೇಶದ ಪಾಠಗಳನ್ನು ನೋಡಿ ಕಲಿತವರು ನಮ್ಮ ಮನೆಗಳಲ್ಲಿ ಎಡವುವುದು ಹೊಳಪಿನ ಬಳಿ. ಅಲ್ಲಿ ಕಾರ್ಪೆಟ್, ಮಂಕಾದ ಮರದ ನೆಲ ಹೆಚ್ಚು. ಇಲ್ಲಿ ಪಾಲಿಶ್ ಮಾಡಿದ ವಿಟ್ರಿಫೈಡ್, ಗ್ರಾನೈಟ್. ಇಂಥ ನೆಲದಲ್ಲಿ ನೆರಳಿನ ಜೊತೆಗೆ ಪ್ರತಿಬಿಂಬವೂ ಬೇಕು. ಐದು ಇಂಚಿನ ಕಾಲು ಬುಡದಿಂದ ನೇರ ಕೆಳಕ್ಕೆ ಐದು ಇಂಚು ಮಂಕಾಗಿ ಮಗುಚಿ ಕಾಣಬೇಕು. ಬೆಳಕು ಎಲ್ಲಿಂದ ಬಂದರೂ ಪ್ರತಿಬಿಂಬ ಓರೆಯಾಗುವುದಿಲ್ಲ. ದೂರದ ನೆಲವನ್ನು ನೋಟ ಹೆಚ್ಚು ಓರೆಯಾಗಿ ಮುಟ್ಟುವುದರಿಂದ ಅಲ್ಲಿಯ ಪ್ರತಿಬಿಂಬ ಗಾಢವಾಗಿರುತ್ತದೆ. ಇನ್ನೊಂದು ಸೂಕ್ಷ್ಮವನ್ನು ಬಹಳ ಮಂದಿ ಮರೆಯುತ್ತಾರೆ. ಮೂಲ ಫೋಟೊದಲ್ಲಿ ಬಾಲ್ಕನಿಯ ಬೆಳಕು ನೆಲದ ಮೇಲೆ ಬಿಳಿ ಪಟ್ಟಿಯಾಗಿ ಹೊಳೆಯುತ್ತಿರುತ್ತದೆ. ಆ ಬೆಳಕಿನ ದಾರಿಗೆ ಕುರ್ಚಿ ಅಡ್ಡ ನಿಂತರೆ ಹೊಳಪು ಅಲ್ಲಿ ತುಂಡಾಗಬೇಕು. ಕುರ್ಚಿಯ ಕಾಲುಗಳ ನಡುವೆ ಹೊಳಪು ಮೊದಲಿನಂತೆಯೇ ಉಳಿದಿದ್ದರೆ ಉಳಿದೆಲ್ಲ ಲೆಕ್ಕ ಸರಿಯಿದ್ದೂ ಚಿತ್ರ ಸಿಕ್ಕಿಬೀಳುತ್ತದೆ.

ಎಷ್ಟೇ ಚೆನ್ನಾಗಿ ಮಾಡಿದರೂ ಇದು ತಿದ್ದಿದ ಚಿತ್ರವೇ. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಮನೆ ಮಾರಾಟದ ಜಾಹೀರಾತಿನಲ್ಲಿ ಇಂಥ ಚಿತ್ರ ಹಾಕುವ ಏಜೆಂಟರು ಅದು ತಿದ್ದಿದ್ದೆಂದು ತಿಳಿಸಬೇಕು, ಮೂಲ ಚಿತ್ರವನ್ನೂ ನೋಡಲು ಸಿಗುವಂತೆ ಮಾಡಬೇಕು. ಮೂಲ ಚಿತ್ರ ಕೈಗೆ ಸಿಕ್ಕರೆ ಕೊಳ್ಳುವವರ ಕೆಲಸ ಹಗುರ. ಟೈಲ್ಸ್‌ನ ಅಳತೆ ಕೇಳಿಕೊಂಡು, ಗೋಡೆಯ ಬುಡದಲ್ಲಿ ಎಷ್ಟು ಟೈಲ್ಸ್ ಇವೆಯೆಂದು ಎಣಿಸಿ, ತಮ್ಮ ಮನೆಯ ಸೋಫಾಕ್ಕೆ ಟೇಪು ಹಿಡಿದು ನೋಡಿದರೆ ಅದು ಅಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬುದು ಮನೆ ನೋಡಲು ಹೋಗುವ ಮೊದಲೇ ಗೊತ್ತಾಗುತ್ತದೆ.