ಕೆಂಪು ಬ್ರ್ಯಾಕೆಟ್, ಸೊನ್ನೆಗೊಂದು ಗೆರೆ

ಗಣೇಶನನ್ನು ಬಿಟ್ಟು ಬಂದ ಮೇಲೆ ಬಡಾವಣೆಯ ಸಮಿತಿಯಲ್ಲಿ ಒಬ್ಬರಿಗೆ ಮಾತ್ರ ಕೆಲಸ ಮುಗಿದಿರುವುದಿಲ್ಲ. ಅವರು ಖಜಾಂಚಿ. ಸಭೆಗೆ ಲೆಕ್ಕ ಒಪ್ಪಿಸಬೇಕು. ಈಗ ಆ ಲೆಕ್ಕ ಹೆಚ್ಚಾಗಿ ಎಕ್ಸೆಲ್ ಹಾಳೆಯಲ್ಲಿರುತ್ತದೆ: ಮೊದಲ ಕಾಲಂನಲ್ಲಿ ಬಾಬ್ತು, ಎರಡನೆಯದರಲ್ಲಿ ಅಂದಾಜು, ಮೂರನೆಯದರಲ್ಲಿ ಆದ ಖರ್ಚು, ನಾಲ್ಕನೆಯದರಲ್ಲಿ ಇವೆರಡರ ವ್ಯತ್ಯಾಸ. ಸಭೆಯಲ್ಲಿ ಎಲ್ಲರ ಕಣ್ಣು ಹೋಗುವುದು ಆ ನಾಲ್ಕನೆಯ ಕಾಲಂಗೆ. ಅಲ್ಲಿ ಒಂದು ಸಾಲಿನಲ್ಲಿ -6500, ಕೆಳಗೆ 0, ಅದರ ಕೆಳಗೆ 1250, ಮತ್ತೆ -12300 ಎಂದು ಒಂದೇ ಕಪ್ಪು ಬಣ್ಣದಲ್ಲಿ ಸಾಲುಗಟ್ಟಿ ನಿಂತರೆ, ಎಲ್ಲಿ ಖರ್ಚು ಅಂದಾಜು ಮೀರಿತು ಎಂದು ತಿಳಿಯಲು ಪ್ರತಿ ಸಾಲನ್ನೂ ಓದಬೇಕಾಗುತ್ತದೆ. ಮೈನಸ್ ಗೆರೆಯಂತೂ ಅಂಕಿಯ ಹಿಂದೆ ಅಡಗಿ ಕೂತಂತಿರುತ್ತದೆ. ಜೆರಾಕ್ಸ್ ಪ್ರತಿಯಲ್ಲಿ ಅದು ಇದೆಯೋ ಇಲ್ಲವೋ ಎಂದು ಅನುಮಾನ ಬೇರೆ.

ಲೆಕ್ಕಪತ್ರದವರು ಇದಕ್ಕೆ ಬಹಳ ಹಿಂದೆಯೇ ಉಪಾಯ ಮಾಡಿಕೊಂಡಿದ್ದಾರೆ. ಮೈನಸ್ ಮೊತ್ತವನ್ನು ಬ್ರ್ಯಾಕೆಟ್ಟಿನೊಳಗೆ ಬರೆಯುತ್ತಾರೆ, ಏನೂ ಇಲ್ಲದಲ್ಲಿ ಚಿಕ್ಕ ಗೆರೆ ಎಳೆಯುತ್ತಾರೆ. ಕಂಪನಿಗಳ ವಾರ್ಷಿಕ ವರದಿ ತೆರೆದರೆ ಕಾಣುವುದು ಇದೇ ರೀತಿ. ಅದರ ಮೇಲೆ ಕೆಂಪು ಬಣ್ಣವನ್ನೂ ಸೇರಿಸಿದರೆ ಪರದೆಯ ಮೇಲೆ ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ಬಣ್ಣ ಬರದ ಪ್ರಿಂಟರಿನಲ್ಲೂ, ಕೆಂಪು-ಹಸಿರು ಬೇರ್ಪಡಿಸಲಾಗದವರ ಕಣ್ಣಿಗೂ ಬ್ರ್ಯಾಕೆಟ್ ಉಳಿಯುತ್ತದೆ. ಆದ್ದರಿಂದ ಎರಡೂ ಬೇಕು.

ಎಕ್ಸೆಲ್‌ನಲ್ಲಿ ಸಿದ್ಧವಾಗಿ ಸಿಗುವ ನಮೂನೆಗಳಲ್ಲಿ ಈ ಮೂರೂ ಒಟ್ಟಿಗೆ ಇಲ್ಲ. `Accounting` ನಮೂನೆ ಸೊನ್ನೆಗೆ ಗೆರೆ ಹಾಕುತ್ತದೆ, ಆದರೆ ಕೆಂಪು ಕೊಡುವುದಿಲ್ಲ. ಕಂಪ್ಯೂಟರ್‌ನ ಪ್ರದೇಶ ಭಾರತವೆಂದಿದ್ದರೆ ಸಾಮಾನ್ಯವಾಗಿ ಬ್ರ್ಯಾಕೆಟ್ಟನ್ನೂ ಕೊಡದೆ ಮೈನಸ್ಸನ್ನೇ ತೋರಿಸುತ್ತದೆ. ಹಾಗಾಗಿ ನಮೂನೆಯನ್ನು ನಾವೇ ಬರೆದುಕೊಳ್ಳಬೇಕು. ಬರೆಯುವುದು ಇಷ್ಟೇ:

```
#,##0_);[Red](#,##0);"-"_)
```

ನೋಡಲು ಯಾರೋ ಕೀಬೋರ್ಡ್ ಮೇಲೆ ಕೈಯೂರಿದಂತಿದೆ. ಅರ್ಧವಿರಾಮದ ಚಿಹ್ನೆ ಇರುವ ಕಡೆ ಮುರಿದು ಓದಿದರೆ ಮೂರು ತುಂಡುಗಳಾಗುತ್ತವೆ. ಮೊದಲನೆಯದು ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗೆ, ಎರಡನೆಯದು ಮೈನಸ್ ಸಂಖ್ಯೆಗೆ, ಮೂರನೆಯದು ಸೊನ್ನೆಗೆ. ಈ ಕ್ರಮ ಬದಲಾಗುವುದಿಲ್ಲ. `#,##0` ಎಂದರೆ ಅಲ್ಪವಿರಾಮ ಹಾಕಿ, ಪೈಸೆ ಬಿಟ್ಟು, ಪೂರ್ಣ ರೂಪಾಯಿ ತೋರಿಸು ಎಂದರ್ಥ. `[Red]` ಬಣ್ಣ, ಅದು ತನ್ನ ತುಂಡಿನ ಮೊದಲಲ್ಲೇ ಇರಬೇಕು.

ಎರಡನೆಯ ತುಂಡಿನಲ್ಲಿ ಒಂದು ಸೂಕ್ಷ್ಮವಿದೆ. ಮೈನಸ್ ಸಂಖ್ಯೆಗೆಂದು ಪ್ರತ್ಯೇಕ ತುಂಡು ಬರೆದ ಕ್ಷಣದಿಂದ ಎಕ್ಸೆಲ್ ತಾನಾಗಿ ಮೈನಸ್ ಚಿಹ್ನೆ ಹಾಕುವುದನ್ನು ನಿಲ್ಲಿಸುತ್ತದೆ. ನೀವು ಏನು ಬರೆದಿದ್ದೀರೋ ಅಷ್ಟೇ ಕಾಣುತ್ತದೆ. ಬ್ರ್ಯಾಕೆಟ್ ಮರೆತು ಬರೀ `[Red]#,##0` ಎಂದು ಬರೆದರೆ ಪರದೆಯಲ್ಲಿ ಕೆಂಪಗೆ 6,500 ಎಂದು ಚೆನ್ನಾಗಿಯೇ ಕಾಣುತ್ತದೆ. ಅದನ್ನು ಕಪ್ಪುಬಿಳುಪಿನಲ್ಲಿ ಮುದ್ರಿಸಿ ಹಂಚಿದರೆ, ಆರೂವರೆ ಸಾವಿರ ಉಳಿತಾಯವಾಗಿದೆ ಎಂದು ಸಭೆ ಚಪ್ಪಾಳೆ ತಟ್ಟಬಹುದು!

ಇನ್ನು `_)`. ಅಡಿಗೆರೆಯ ಮುಂದೆ ಯಾವ ಅಕ್ಷರವಿದೆಯೋ ಅದರ ಅಗಲದಷ್ಟು ಜಾಗ ಖಾಲಿ ಬಿಡು ಎಂಬ ಆದೇಶ ಅದು. ಇಲ್ಲದಿದ್ದರೆ ಬ್ರ್ಯಾಕೆಟ್ ಇರುವ ಸಂಖ್ಯೆಯ ಬಿಡಿ ಸ್ಥಾನ ಒಂದಿಷ್ಟು ಎಡಕ್ಕೆ ಸರಿಯುತ್ತದೆ, ಬ್ರ್ಯಾಕೆಟ್ ಇಲ್ಲದ್ದು ಅಂಚಿಗೆ ಅಂಟಿಕೊಳ್ಳುತ್ತದೆ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರುವುದಿಲ್ಲ. ಬಹಳ ಜನ ಈ ಎರಡು ಅಕ್ಷರಗಳನ್ನು ಅನಾವಶ್ಯಕವೆಂದು ಅಳಿಸುತ್ತಾರೆ. ನನ್ನ ಮಟ್ಟಿಗೆ, ಹಾಳೆ ಕಸುಬು ಬಲ್ಲವರದೋ ಅಲ್ಲವೋ ಎಂದು ಗೊತ್ತಾಗುವುದೇ ಇಲ್ಲಿ.

ಈಗ ಖಜಾಂಚಿಯ ಹಾಳೆಗೆ ಬರೋಣ. ಎರಡನೇ ಸಾಲಿನಿಂದ ಏಳನೇ ಸಾಲಿನವರೆಗೆ ಆರು ಬಾಬ್ತುಗಳಿವೆ ಎಂದುಕೊಳ್ಳಿ. ಮೂರ್ತಿಗೆ ಅಂದಾಜು 18,000, ಖರ್ಚೂ ಅಷ್ಟೇ. ಶಾಮಿಯಾನ ಮತ್ತು ಕುರ್ಚಿಗೆ 35,000 ಇಟ್ಟಿದ್ದರು, 41,500 ಆಯಿತು. ದೀಪಾಲಂಕಾರ, ಮೈಕ್ ಸೆಟ್ಟಿಗೆ 22,000 ಇಟ್ಟು 20,750 ಖರ್ಚು ಮಾಡಿದರು. ಅನ್ನಸಂತರ್ಪಣೆಗೆ 60,000 ಸಾಕೆಂದರು, 72,300 ಆಯಿತು. ವಾದ್ಯಗೋಷ್ಠಿಯವರು ಮಾತಾಡಿದ 25,000ವನ್ನೇ ತೆಗೆದುಕೊಂಡರು. ವಿಸರ್ಜನೆಯ ಗಾಡಿಗೆ 8,000ದಲ್ಲಿ 6,800 ಸಾಕಾಯಿತು. ವ್ಯತ್ಯಾಸದ ಕಾಲಂ D ಆಗಿದ್ದು, ಅದರ ಸೂತ್ರ `=B2-C2`, ಕೆಳಗಿನ ಸಾಲುಗಳಿಗೂ ಅದೇ. ಎಂಟನೇ ಸಾಲಿನಲ್ಲಿ ಒಟ್ಟು.

D2ರಿಂದ D8ರವರೆಗೆ ಆಯ್ಕೆ ಮಾಡಿ `Ctrl+1` ಒತ್ತಿ. ತೆರೆಯುವ ಕಿಟಕಿಯ `Number` ಪುಟದಲ್ಲಿ, ಎಡಗಡೆಯ ಪಟ್ಟಿಯ ಕೊನೆಯಲ್ಲಿ `Custom` ಇದೆ. ಅದನ್ನು ಒತ್ತಿದರೆ `Type` ಎಂಬ ಜಾಗದಲ್ಲಿ `General` ಎಂದೇನೋ ಬರೆದಿರುತ್ತದೆ. ಅದನ್ನು ಅಳಿಸಿ ಮೇಲಿನ ಸಾಲನ್ನು ಟೈಪ್ ಮಾಡಿ `OK` ಒತ್ತಿ. ಕಾಲಂ ಈಗ ಹೀಗೆ ಓದುತ್ತದೆ: ಮೂರ್ತಿಗೆ ಗೆರೆ, ಶಾಮಿಯಾನಕ್ಕೆ ಕೆಂಪಗೆ (6,500), ದೀಪಕ್ಕೆ 1,250, ಊಟಕ್ಕೆ ಕೆಂಪಗೆ (12,300), ವಾದ್ಯಕ್ಕೆ ಗೆರೆ, ಗಾಡಿಗೆ 1,200. ಒಟ್ಟು ಕೆಂಪಗೆ (16,350). ಊಟ ಮತ್ತು ಶಾಮಿಯಾನ, ಇವೆರಡೇ ಲೆಕ್ಕ ತಪ್ಪಿಸಿದವು ಎಂದು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿ ಬದಲಾದದ್ದು ತೋರಿಕೆ ಮಾತ್ರ. ಕೆಂಪು ಸೆಲ್ ಮೇಲೆ ಕ್ಲಿಕ್ ಮಾಡಿ ಅದರ ಬೆಲೆಯನ್ನು ಬೇರೆಡೆ ಬರೀ ಬೆಲೆಯಾಗಿ ಅಂಟಿಸಿದರೆ -6500 ಎಂದೇ ಬರುತ್ತದೆ. ಗೆರೆ ಕಾಣುವಲ್ಲಿ ನಿಜವಾಗಿ ಸೊನ್ನೆಯೇ ಇದೆ. ಇದನ್ನು ಮರೆತು, ಸೊನ್ನೆ ಬಂದ ಕಡೆ ಕೈಯಿಂದಲೇ ಗೆರೆ ಟೈಪ್ ಮಾಡುವವರಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಎಕ್ಸೆಲ್‌ಗೆ ಮಾತ್ರ ಟೈಪ್ ಮಾಡಿದ ಗೆರೆ ಸಂಖ್ಯೆಯಲ್ಲ, ಅಕ್ಷರ. `=D2+D3` ಎಂದು ಕೂಡಿಸಲು ಹೋದರೆ `#VALUE!` ಎಂಬ ದೋಷ ಬರುತ್ತದೆ. ಅದಾದರೂ ಒಳ್ಳೆಯದು, ತಪ್ಪು ಕಣ್ಣಿಗೆ ಬೀಳುತ್ತದೆ. ಸರಾಸರಿಯಲ್ಲಿ ಅದು ಸದ್ದಿಲ್ಲದೆ ಆಗುತ್ತದೆ. ಸರಿಯಾದ ಹಾಳೆಯಲ್ಲಿ ಆರು ಬಾಬ್ತುಗಳ ಸರಾಸರಿ ವ್ಯತ್ಯಾಸ ಮೈನಸ್ 2,725. ಎರಡು ಗೆರೆಗಳನ್ನು ಕೈಯಿಂದ ಹಾಕಿದ್ದರೆ `AVERAGE` ಆ ಎರಡು ಸಾಲುಗಳನ್ನು ಬಿಟ್ಟು ನಾಲ್ಕರಿಂದ ಭಾಗಿಸಿ ಮೈನಸ್ 4,087.50 ಎನ್ನುತ್ತದೆ. ಅನುಮಾನವಿದ್ದರೆ ಗೆರೆಯ ಸೆಲ್ ಒಂದನ್ನು ಒತ್ತಿ, ಮೇಲಿನ ಸೂತ್ರಪಟ್ಟಿಯನ್ನು ನೋಡಿ. ಸೂತ್ರವೋ 0 ಅಂಕಿಯೋ ಇದ್ದರೆ ಸರಿ. ಗೆರೆಯೇ ಇದ್ದರೆ ಯಾರೋ ಟೈಪ್ ಮಾಡಿದ್ದಾರೆ.

ಈ ನಮೂನೆ ಬಳಸುವವರನ್ನು ಹೆಚ್ಚು ಕಾಡುವುದು ಕೆಂಪಗೆ (0) ಎಂದು ಕಾಣುವ ಸೆಲ್. ಸೊನ್ನೆಗೆ ಗೆರೆ ಹಾಕು ಎಂದಿದ್ದೇವೆ, ಆದರೂ ಬ್ರ್ಯಾಕೆಟ್ಟಿನೊಳಗೆ ಸೊನ್ನೆ! ಕಾರಣ ಪೈಸೆ. ವಾದ್ಯಗೋಷ್ಠಿಯ ಬಿಲ್ಲು 25,000.40 ಬಂತು ಎನ್ನಿ. ವ್ಯತ್ಯಾಸ ಮೈನಸ್ ನಲವತ್ತು ಪೈಸೆ. ಎಕ್ಸೆಲ್ ಯಾವ ತುಂಡು ಬಳಸಬೇಕೆಂದು ತೀರ್ಮಾನಿಸುವುದು ಸೆಲ್‌ನ ನಿಜವಾದ ಬೆಲೆ ನೋಡಿ. ಪೈಸೆಯನ್ನು ಕೈಬಿಡುವುದು ಆಮೇಲೆ. ಮೈನಸ್ ಆದ್ದರಿಂದ ಕೆಂಪು ತುಂಡಿಗೆ ಹೋಯಿತು, ಅಲ್ಲಿ ಪೈಸೆ ಮಾಯವಾಗಿ ಸೊನ್ನೆ ಉಳಿಯಿತು. ಪೈಸೆಯೇ ಇಲ್ಲದ ಕಡೆಯೂ ಇದು ಆಗಬಹುದು, ಏಕೆಂದರೆ ಕಂಪ್ಯೂಟರು ದಶಮಾಂಶಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ, 0.1 ಅದಕ್ಕೆ ನಿಖರವಾಗಿ ಸಿಗುವುದಿಲ್ಲ. ಖಾಲಿ ಸೆಲ್‌ನಲ್ಲಿ `=1*(0.5-0.4-0.1)` ಎಂದು ಬರೆದು ನೋಡಿ: ಉತ್ತರ ಸೊನ್ನೆಯಾಗಬೇಕಿತ್ತು, ಬರುವುದು ದಶಮಾಂಶ ಬಿಂದುವಿನ ನಂತರ ಹದಿನಾರು ಸೊನ್ನೆ ದಾಟಿ ನಿಂತ ಒಂದು ಪುಟ್ಟ ಮೈನಸ್ ಸಂಖ್ಯೆ. ನಮೂನೆ ಹಾಕಿದರೆ ಅದೂ ಕೆಂಪು (0).

ಮದ್ದು ನಮೂನೆಯಲ್ಲಿಲ್ಲ, ಸೂತ್ರದಲ್ಲಿದೆ:

```
=ROUND(B6-C6,0)
```

ಇದು ಬೆಲೆಯನ್ನೇ ಪೂರ್ಣ ರೂಪಾಯಿಗೆ ತರುತ್ತದೆ, ಆಮೇಲೆ ಗೆರೆ ಸರಿಯಾಗಿ ಬೀಳುತ್ತದೆ. ಆದರೆ ಪ್ರತಿ ಸಾಲನ್ನೂ ಹೀಗೆ ದುಂಡಗೆ ಮಾಡಿ ಕೂಡಿಸಿದರೆ, ಬಿಲ್ಲುಗಳ ನಿಜ ಮೊತ್ತಕ್ಕೂ ಅದಕ್ಕೂ ಒಂದೆರಡು ರೂಪಾಯಿ ಹೆಚ್ಚುಕಡಿಮೆ ಆಗಬಹುದು. ಪೈಸೆ ಮುಖ್ಯವಾದ ಲೆಕ್ಕದಲ್ಲಿ ಕೊನೆಯ 0 ಬದಲು 2 ಹಾಕಿ, ನಮೂನೆಯಲ್ಲೂ `#,##0.00` ಎಂದು ಬರೆದು ಪೈಸೆಯನ್ನು ತೋರಿಸಿಬಿಡುವುದೇ ಮೇಲು.

ಇನ್ನೊಂದು ತೊಡಕು ತಂತ್ರದ್ದಲ್ಲ, ಅರ್ಥದ್ದು. ಕೆಂಪು ಎಂದರೆ ಕೆಟ್ಟದ್ದು ಎಂದು ನಾವು ಓದುತ್ತೇವೆ. ಎಕ್ಸೆಲ್‌ಗೆ ಅದು ಸೊನ್ನೆಗಿಂತ ಕಡಿಮೆ ಎಂದಷ್ಟೇ. ಅದೇ ಹಾಳೆಯ ಕೆಳಗೆ ಚಂದಾ ವಸೂಲಿಯ ಸಾಲು ಸೇರಿಸಿ, ಅಂದಾಜು 1,70,000, ಬಂದದ್ದು 1,88,000 ಎಂದು ತುಂಬಿ, ಮೇಲಿನ ಸೂತ್ರವನ್ನೇ ಎಳೆದರೆ ಕೆಂಪಗೆ (18,000) ಬರುತ್ತದೆ. ಹೆಚ್ಚು ಹಣ ಬಂದದ್ದಕ್ಕೆ ಕೆಂಪು ಮಸಿ! ಆದಾಯದ ಸಾಲುಗಳಲ್ಲಿ ಕಳೆಯುವ ಕ್ರಮವನ್ನು ತಿರುಗಿಸಿ, ಬಂದದ್ದರಿಂದ ಅಂದಾಜು ಕಳೆಯಬೇಕು. ಕಾಲಂನ ತಲೆಬರಹದಲ್ಲಿ ಬರೀ ‘ವ್ಯತ್ಯಾಸ’ ಎನ್ನದೆ ‘ಅನುಕೂಲ / (ಪ್ರತಿಕೂಲ)’ ಎಂದು ಬರೆದರೆ ಓದುವವರಿಗೂ ಗೊಂದಲವಿರುವುದಿಲ್ಲ.

ಈ ಹಾಳೆಯನ್ನು ಅಮೆರಿಕದಲ್ಲಿರುವ ದಾನಿಗಳಿಗೆ ಕಳಿಸಿದರೆ ಅಲ್ಲಿ 1,84,350 ಎಂಬುದು 184,350 ಎಂದು ಕಾಣಬಹುದು. ಯಾರೂ ತಿದ್ದಿಲ್ಲ. ಕಡತದಲ್ಲಿ ಇರುವುದು ‘ಅಲ್ಪವಿರಾಮ ಹಾಕು’ ಎಂಬ ಆದೇಶ ಮಾತ್ರ. ಲಕ್ಷದ ಲೆಕ್ಕದಲ್ಲೋ ಮಿಲಿಯನ್ ಲೆಕ್ಕದಲ್ಲೋ ಎಂಬುದನ್ನು ತೆರೆದ ಕಂಪ್ಯೂಟರಿನ ವಿಂಡೋಸ್ ಪ್ರದೇಶ ಸೆಟ್ಟಿಂಗ್ ತೀರ್ಮಾನಿಸುತ್ತದೆ. ಸೆಟ್ಟಿಂಗ್ ಮುಟ್ಟದೆ ಲಕ್ಷ, ಕೋಟಿಯ ಅಲ್ಪವಿರಾಮ ತರಿಸುವ ನಮೂನೆಯೂ ಇದೆ:

```
[>=10000000]##\,##\,##\,##0;[>=100000]##\,##\,##0;##,##0
```

ಆದರೆ ಅದು ಮೂರು ತುಂಡುಗಳನ್ನೂ ಕೋಟಿ, ಲಕ್ಷ, ಮಿಕ್ಕದ್ದು ಎಂದು ತಾನೇ ಬಳಸಿಕೊಳ್ಳುತ್ತದೆ. ಕೆಂಪಿಗೂ ಗೆರೆಗೂ ಜಾಗ ಉಳಿಯುವುದಿಲ್ಲ. ಎರಡೂ ಬೇಕೆಂದರೆ ಕಂಪ್ಯೂಟರಿನ ಪ್ರದೇಶವನ್ನು ಭಾರತ ಎಂದು ಬದಲಿಸುವುದು ಸುಲಭದ ದಾರಿ. ದಾನಿಗಳಿಗಾದರೆ ಹಾಳೆಯನ್ನು ಇಲ್ಲೇ ಪಿಡಿಎಫ್ ಮಾಡಿ ಕಳಿಸಿದರೆ ಆಯಿತು.

ಬರೆದ ನಮೂನೆ ಆ ಕಡತದಲ್ಲಿ ಮಾತ್ರ ಉಳಿಯುತ್ತದೆ. ಮುಂದಿನ ವರ್ಷ ಹೊಸ ಕಡತ ತೆರೆದರೆ `Custom` ಪಟ್ಟಿಯಲ್ಲಿ ಅದಿರುವುದಿಲ್ಲ. ಹಳೆಯ ಹಾಳೆಯ ಒಂದು ಸೆಲ್ ನಕಲಿಸಿ ಹೊಸದರಲ್ಲಿ ಅಂಟಿಸಿದರೆ ನಮೂನೆಯೂ ಜೊತೆಗೇ ಬರುತ್ತದೆ. ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಬಳಸುವವರೂ ಇದೇ ಸಾಲನ್ನು ಹಾಕಿಕೊಳ್ಳಬಹುದು. ಶೀಟ್ಸ್‌ನಲ್ಲಿ ಅದನ್ನು ಬರೆಯುವ ಜಾಗ `Format` ಪಟ್ಟಿಯ `Number` ಒಳಗೆ, `Custom number format` ಎಂಬಲ್ಲಿದೆ.